ಎಲ್ಲರ ನೋಟ್‌ಬುಕ್‌ನಲ್ಲೂ 72 ಇದ್ರೆ ಯಾರೂ ಎಣಿಸಿಲ್ಲ ಅಂತ ಅರ್ಥ

ಗೆಳೆಯರೇ, ನಿಮ್ಮ ಮನೆ ಮಕ್ಕಳ ವಿಜ್ಞಾನದ ನೋಟ್‌ಬುಕ್ ಒಮ್ಮೆ ತೆಗೆದು ನೋಡಿ. ನಾಡಿಬಡಿತ ನಿಮಿಷಕ್ಕೆ 72 ಅಂತ ಬರೆದಿರುತ್ತೆ. ಪಕ್ಕದ ಮಗುವಿನದ್ದೂ 72, ಇಡೀ ತರಗತಿಯದ್ದೂ 72. ಅದು ದೊಡ್ಡವರ ಸರಾಸರಿ ಲೆಕ್ಕ. ಹತ್ತು ಹನ್ನೊಂದು ವರ್ಷದ ಮಗುವಿಗೆ ಸುಮ್ಮನೆ ಕೂತಾಗಲೂ 80, 90 ಬರೋದು ಸಾಮಾನ್ಯ. ತನ್ನ ಬೆರಳಿಗೆ 92 ಸಿಕ್ಕ ಮಗು, ಪುಸ್ತಕದಲ್ಲಿ ಬೇರೆ ಇದೆಯಲ್ಲ ಅಂತ ಹೆದರಿ 72 ಬರೆಯುತ್ತೆ. ನನಗೆ ಸಿಟ್ಟು ಬರೋದು ಇಲ್ಲೇ. ತನ್ನ ಮೈ ಹೇಳಿದ್ದನ್ನ ಅಳಿಸಿ ಅಚ್ಚಾಗಿದ್ದನ್ನ ಬರೆಯೋದನ್ನ ಆ ಮಗು ಆರನೇ ಕ್ಲಾಸಿಗೇ ಕಲಿತುಬಿಡ್ತು.

ನಮ್ಮ ಕೇರಿಯ ಸಂಜೆ ಪಾಠದಲ್ಲಿ ನಾವು ಇದನ್ನ ಬೇರೆ ರೀತಿ ಮಾಡ್ತೀವಿ. ಹಳೇ ಫ್ಲೆಕ್ಸ್ ಹಿಂಬದಿ ಹಾಸಿ (ನಾಯಕರ ಮುಖ ಇರೋದು ಬೇಡ, ಆಮೇಲೆ ಜಗಳ) ಒಂದು ಮಗುವನ್ನ ಅಂಗಾತ ಮಲಗಿಸಿ ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯೋದು. ಮಾರ್ಕರ್ ನೆಟ್ಟಗಿರಬೇಕು, ಓರೆಯಾದರೆ ಆಕೃತಿ ಸೊರಗುತ್ತೆ. ಹುಡುಗಿಗೆ ಹುಡುಗಿಯೇ ಗೆರೆ ಎಳೀಲಿ. ಕಾಲುಗಳ ಒಳಬದಿಯ ಗೆರೆ ಮೊಣಕಾಲಿಗೇ ನಿಲ್ಲಲಿ. ಮಗು ಏಳೋ ಮೊದಲು ಅದರ ಎಡಗೈ ಪಕ್ಕ 'ಎಡ' ಅಂತ ಬರೀರಿ. ಇಲ್ಲದಿದ್ದರೆ ಮೇಲಿಂದ ನೋಡೋ ಮಕ್ಕಳು ತಮ್ಮ ಎಡಕ್ಕೇ ಹೃದಯ ಇಡ್ತಾರೆ, ಅದು ಆಕೃತಿಯ ಬಲಕ್ಕೆ ಬೀಳುತ್ತೆ.

ಚಾರ್ಟ್ ಮೊದಲೇ ತೋರಿಸಬೇಡಿ. ಮಕ್ಕಳು ತಪ್ಪಾಗಿಯೇ ಇಡಲಿ. ಜಠರವನ್ನ ಹೊಕ್ಕುಳ ಹತ್ತಿರ ಇಟ್ಟೇ ಇಡ್ತಾರೆ, ಯಾಕಂದ್ರೆ ನಮ್ಮ ಮಾತಲ್ಲಿ ಅದಕ್ಕೂ ಹೊಟ್ಟೆ, ಇಡೀ ಉದರಕ್ಕೂ ಹೊಟ್ಟೆ. ನಿಜಕ್ಕೂ ಅದರ ಬಹುಪಾಲು ಇರೋದು ಅದಕ್ಕಿಂತ ಮೇಲೆ, ಎಡ ಪಕ್ಕೆಲುಬಿನ ಅಡಿ. ಹೃದಯವನ್ನ ಎಡ ಕಂಕುಳ ಕಡೆಗೆ ತಳ್ತಾರೆ, ಸಿನಿಮಾದವರು ಕೈ ಇಟ್ಟುಕೊಳ್ಳೋದು ಅಲ್ಲೇ ಅಲ್ವಾ. ಅದು ಎದೆ ಮೂಳೆಯ ಹಿಂದೆ, ನಡುವಲ್ಲೇ, ಸ್ವಲ್ಪ ಎಡಕ್ಕೆ ವಾಲಿದೆ. ಗಾತ್ರ ಆ ಮಗುವಿನದೇ ಮುಷ್ಟಿಯಷ್ಟು. ಮುಷ್ಟಿ ಇಟ್ಟು ಕಾಗದ ಕತ್ತರಿಸಿದರೆ ಸಾಕು.

ಈಗ ನಾಡಿ. ಹೆಬ್ಬೆರಳ ಬುಡದ ಕಡೆ ಮಣಿಕಟ್ಟಿನ ಮೇಲೆ ತೋರುಬೆರಳು, ನಡುಬೆರಳು ಇಡಬೇಕು. ಹೆಬ್ಬೆರಳು ಬೇಡ, ಅದರದ್ದೇ ಬಡಿತ ಗೊಂದಲ ಮಾಡುತ್ತೆ. ಸಿಕ್ಕ ಜಾಗಕ್ಕೆ ಪೆನ್ನಿಂದ ಚುಕ್ಕೆ ಇಡಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಗುಮಾಸ್ತನ ಕಣ್ಣಿಗೆ ಇಲ್ಲೊಂದು ಮಜಾ ಇದೆ: ಹೀಗೆ ಎಣಿಸಿದ ಯಾವ ಉತ್ತರವೂ ನಾಲ್ಕರಿಂದ ಭಾಗವಾಗಲೇಬೇಕು. 75 ಅಂತ ಬರೆದಿದ್ದರೆ ಅದು ಎಲ್ಲೋ ಕಾಪಿ ಹೊಡೆದದ್ದು.

ಆರನೇ ಕ್ಲಾಸಿನ ಒಬ್ಬ ಹುಡುಗಿಗೆ ಕೂತಾಗ 23 ಬಂತು, ಅಂದ್ರೆ 92. ಸಮುದಾಯ ಭವನದ ಸುತ್ತ ಎರಡು ಸುತ್ತು ಓಡಿ ಬಂದ ಕೂಡಲೇ 39, ಅಂದ್ರೆ 156. ಒಂದು ನಿಮಿಷ ಬಿಟ್ಟು 124, ಮೂರು ನಿಮಿಷಕ್ಕೆ 104. ಪಕ್ಕದ ಹುಡುಗನಿಗೆ ಮಾತ್ರ ಓಡಿದ ಮೇಲೂ ಹೆಚ್ಚೇನೂ ಏರಲಿಲ್ಲ. ನೋಡಿದರೆ ಚುಕ್ಕೆ ಬೆವರಿಗೆ ಅಳಿಸಿತ್ತು, ನಾಡಿ ಹುಡುಕೋದ್ರಲ್ಲೇ ಮುಕ್ಕಾಲು ನಿಮಿಷ ಹೋಗಿತ್ತು. ಓಟ ನಿಂತ ಮೊದಲ ನಿಮಿಷದಲ್ಲೇ ಬಡಿತ ಸರ್ರನೆ ಇಳಿಯುತ್ತೆ, ತಡವಾದರೆ ಸಿಗಲ್ಲ. ಇನ್ನೊಮ್ಮೆ ಓಡಿಸಿದ್ವಿ, ಆಗ ಸರಿಯಾಗಿ ಸಿಕ್ತು. ಜ್ವರ, ಉಬ್ಬಸ, ಹೃದಯದ ತೊಂದರೆ ಇರೋ ಮಕ್ಕಳು ಓಡೋದು ಬೇಡ, ಗಡಿಯಾರ ನೋಡಲಿ. ಬಿಸಿಯೂಟ ಆದ ತಕ್ಷಣವೂ ಬೇಡ.

ಓಡಿ ಬಂದವರನ್ನ ಮತ್ತೆ ಆಕೃತಿ ಹತ್ತಿರ ಕೂರಿಸಿ ಕೇಳಿ: ಹೃದಯ ಎದೇಲಿದೆ, ಬಡಿತ ಕೈಲಿ ಹೇಗೆ? ಓಡಿದ್ದು ಕಾಲು, ಏದುಸಿರು ಯಾಕೆ? ಮಕ್ಕಳೇ ಹೃದಯದಿಂದ ಮಣಿಕಟ್ಟಿಗೆ, ಕಾಲಿಗೆ ಗೆರೆ ಎಳೀತಾರೆ. ಆಮೇಲೆ ಯಾರೋ ಒಬ್ಬರು ಶ್ವಾಸಕೋಶಕ್ಕೂ ಗೆರೆ ಎಳೀತಾರೆ. ಕಾಲಿನ ಸ್ನಾಯು ಹೆಚ್ಚು ಆಮ್ಲಜನಕ ಕೇಳ್ತು, ಅದಕ್ಕೇ ಉಸಿರೂ ಬಡಿತವೂ ಒಟ್ಟಿಗೆ ಏರಿದ್ವು ಅನ್ನೋದನ್ನ ಆಗ ಹೇಳಿ, ಮೊದಲೇ ಅಲ್ಲ.

ಕೊನೆಗೆ ಶಿಕ್ಷಕ ಗೆಳೆಯರಿಗೆ ಒಂದು ಮಾತು. ಏದುಸಿರು ಬಿಡೋ ಮಗು ತನ್ನ ನಾಡಿ ತಾನೇ ಎಣಿಸೋದು ಕಷ್ಟ, ಇನ್ನೊಬ್ಬರು ಕೈ ಹಿಡೀಲೇಬೇಕು. ಯಾರ ಕೈ ಯಾರು ಹಿಡೀತಾರೆ ಅನ್ನೋದು ನಮ್ಮೂರುಗಳಲ್ಲಿ ಬರೀ ವಿಜ್ಞಾನದ ಪ್ರಶ್ನೆ ಅಲ್ಲ. 'ನಿಮಗೆ ಬೇಕಾದವರ ಜೋಡಿ ಮಾಡ್ಕೊಳ್ಳಿ' ಅಂದ್ರೆ ಕೊನೆಗೆ ಜೋಡಿ ಸಿಗದೆ ನಿಲ್ಲೋ ಮಗು ಯಾವ ಬೀದಿಯದ್ದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಚೀಟಿ ಎತ್ತಿಸಿ. ಯಾರಾದರೂ ಕೈ ಹಿಂದಕ್ಕೆ ಎಳ್ಕೊಂಡ್ರೆ ಜೋಡಿ ಬದಲಾಯಿಸಬೇಡಿ. ಆ ಮಗುವಿನ ಮಣಿಕಟ್ಟನ್ನ ಮೊದಲು ನೀವೇ ಹಿಡಿದು, ನಾಡಿ ಹುಡುಕಿ, ಚುಕ್ಕೆ ಇಟ್ಟು, 'ಇಲ್ಲಿದೆ ನೋಡು, ಎಣಿಸು' ಅನ್ನಿ.