ಎರಡಂತಸ್ತಿನ a ಬರೆಯಲು ಮಗುವಿಗೆ ಯಾಕೆ ಹೇಳಬೇಕು?

ಪುಣೆಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಒಂದನೇ ತರಗತಿಯ ಟೀಚರ್ ಒಬ್ಬರು ಪೋಷಕರಿಗೆ ಅರ್ಧ ಪುಟದ ಚೀಟಿಯೊಂದನ್ನು ಕಳಿಸಬೇಕಾಗಿ ಬಂತು. ವಿಷಯ ಒಂದೇ ಅಕ್ಷರದ್ದು. ತರಗತಿಗೆಂದು ಅವರು ತಯಾರಿಸಿದ ವರ್ಕ್‌ಬುಕ್ಕಿನಲ್ಲಿ ಸಣ್ಣ ಎ ಅಕ್ಷರ ಗುಂಡಗಿದ್ದು ಪಕ್ಕಕ್ಕೊಂದು ಕಡ್ಡಿ ಇತ್ತು, ಅಂದರೆ ಕೈಯಲ್ಲಿ ಬರೆದಂತೆ, ಹೀಗೆ: ɑ. ಕಥೆಪುಸ್ತಕಗಳಲ್ಲಿ, ಪೇಪರಿನಲ್ಲಿ, ಬಹುಶಃ ನಿಮ್ಮ ಪರದೆಯ ಈ ಸಾಲಿನಲ್ಲೂ ಕಾಣುವುದು ಬೇರೆ: ಕೆಳಗೊಂದು ಹೊಟ್ಟೆ, ಅದರ ಮೇಲೆ ಬಾಗಿದ ಚಾವಣಿ, a. ಅಚ್ಚಿನ ಕೆಲಸದವರು ಮೊದಲನೆಯದನ್ನು ಒಂದಂತಸ್ತಿನದು, ಎರಡನೆಯದನ್ನು ಎರಡಂತಸ್ತಿನದು ಎನ್ನುತ್ತಾರೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಆಕ್ಷೇಪ ಶುರುವಾಗಿದ್ದು ಕನ್ನಡದ ತಾಯಿಯೊಬ್ಬರಿಂದ: "ಮಿಸ್, ಪುಸ್ತಕದಲ್ಲಿ ಒಂದು ಥರ, ವರ್ಕ್‌ಬುಕ್ಕಲ್ಲಿ ಇನ್ನೊಂದು ಥರ. ಮಗು ಯಾವುದನ್ನ ಕಲೀಬೇಕು? ನಿಜವಾದ ಎ ಯಾವುದೋ ಅದನ್ನೇ ಹಾಕಿ." ಹತ್ತಾರು ಹೆಬ್ಬೆರಳುಗಳು ಅದಕ್ಕೆ ಒಪ್ಪಿಗೆ ಸೂಚಿಸಿದವು.

ಟೀಚರ್ ತಮ್ಮ ಚೀಟಿಯಲ್ಲಿ ಎರಡು ಕಾರಣ ಕೊಟ್ಟರು. ಒಂದು, ಮಗು ಬರೆಯಬೇಕಾದ ಆಕಾರವೇ ಮಗುವಿನ ಕಣ್ಣೆದುರು ಇರಬೇಕು. ಎರಡು, ಎರಡಂತಸ್ತಿನ ಅಕ್ಷರ ಕಂಡರೆ ಮಕ್ಕಳಿಗೆ ಓದುವಾಗ ಗೊಂದಲವಾಗುತ್ತದೆ. ಮೊದಲ ಮಾತು ನೂರಕ್ಕೆ ನೂರು ಸರಿ, ಎರಡನೆಯದು ಸರಿಯಲ್ಲ. ಆದರೆ ಗುಂಪಿನಲ್ಲಿ ಗಲಾಟೆ ನಡೆದದ್ದು ಸರಿಯಾದ ಮಾತಿನ ಮೇಲೆ. ತಪ್ಪು ಮಾತನ್ನು ಯಾರೂ ಗಮನಿಸಲಿಲ್ಲ.

"ನಿಜವಾದ ಎ" ಎಂಬ ವಾದವನ್ನೇ ಮೊದಲು ನೋಡಬೇಕು. ಕಂಪ್ಯೂಟರಿನಲ್ಲಿ Times New Roman ತೆಗೆದುಕೊಂಡು a ಎಂದು ಟೈಪ್ ಮಾಡಿ, ಇಟಾಲಿಕ್ ಗುಂಡಿ ಒತ್ತಿದರೆ ಸಾಕು. ಚಾವಣಿ ಹಾರಿಹೋಗಿ ಗುಂಡು ಅಕ್ಷರ ನಿಲ್ಲುತ್ತದೆ. ಅದೇ ಫಾಂಟು, ಅದೇ ಅಕ್ಷರ, ಮಾಡಿದವರೂ ಅವರೇ. ಇದು ಇಂದಿನ ಚಾಲಾಕಿಯಲ್ಲ. ವೆನಿಸ್ಸಿನಲ್ಲಿ ನಿಕೊಲಾಸ್ ಜೆನ್ಸನ್ 1470ರಲ್ಲಿ ಬಳಸಿದ ರೋಮನ್ ಮೊಳೆಗಳಲ್ಲಿ ಎರಡಂತಸ್ತಿನ a ಇತ್ತು. ಅದೇ ಊರಿನಲ್ಲಿ 1501ರಲ್ಲಿ ಆಲ್ಡಸ್ ಮನೂಷಿಯಸ್‌ಗಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದ ಇಟಾಲಿಕ್ ಮೊಳೆಗಳು ಆ ಕಾಲದ ವೇಗದ ಕೈಬರಹವನ್ನು ಅನುಸರಿಸಿದವು, ಅದರಲ್ಲಿ ಒಂದಂತಸ್ತಿನದು ಬಂತು. ಐನೂರು ವರ್ಷಗಳಿಂದ ಎರಡೂ ಅಕ್ಕಪಕ್ಕದಲ್ಲೇ ಇವೆ. ಒಂದು ನಿಜ, ಇನ್ನೊಂದು ಮಕ್ಕಳಾಟ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಆಕ್ಷೇಪಿಸಿದ ಪೋಷಕರಲ್ಲಿ ಹೆಚ್ಚಿನವರು ಚೆಕ್ಕಿನ ಮೇಲೆ, ಕಿರಾಣಿ ಪಟ್ಟಿಯಲ್ಲಿ ಬರೆಯುವುದೂ ಗುಂಡು ಅಕ್ಷರವನ್ನೇ.

ಕನ್ನಡದಲ್ಲಿ ಅಕ್ಷರ ಕಲಿತವರಿಗೆ ಈ ಪ್ರಶ್ನೆ ವಿಚಿತ್ರವಾಗಿ ಕಾಣುವುದು ಸಹಜ. ಕನ್ನಡದ ಅಚ್ಚಿನ ಅ ಮತ್ತು ಸ್ಲೇಟಿನ ಅ ಒಂದೇ ಆಕಾರದವು, ಪುಸ್ತಕ ನೋಡಿ ತಿದ್ದಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಹಾಗಲ್ಲ. ಪುಣೆ, ಮುಂಬೈಯ ಮನೆಗಳಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ದೇವನಾಗರಿಯೇ ಇದೆ: ಲ ಮತ್ತು ಶ ಅಕ್ಷರಗಳು ಮರಾಠಿ ಪುಸ್ತಕದಲ್ಲಿ ಒಂದು ರೂಪದಲ್ಲಿ, ಹಿಂದಿ ಪುಸ್ತಕದಲ್ಲಿ ಇನ್ನೊಂದು ರೂಪದಲ್ಲಿ ಇರುತ್ತವೆ. ಅಲ್ಲಿನ ಮಕ್ಕಳು ಒಂದನ್ನು ಬರೆಯುತ್ತಾರೆ, ಎರಡನ್ನೂ ಓದುತ್ತಾರೆ. ಯಾವ ವಾಟ್ಸಾಪ್ ಗುಂಪೂ ಅದಕ್ಕೆ ಹೊತ್ತಿ ಉರಿದಿಲ್ಲ.

ಇನ್ನು ಕೈಯ ವಿಷಯ. ನಾಲ್ಕು ಗೆರೆ ಕಾಪಿಯ ನಡುವಿನ ಎರಡು ಗೆರೆಗಳ ಮಧ್ಯೆ ಒಂದಂತಸ್ತಿನ a ಬರೆಯುವ ಕ್ರಮ ಇದು. ಗಡಿಯಾರದ ಮುಖವೆಂದುಕೊಂಡರೆ, ಪೆನ್ಸಿಲು ಒಂದೆರಡು ಗಂಟೆಯ ಜಾಗದಲ್ಲಿ ಊರಬೇಕು. ಅಲ್ಲಿಂದ ಹಿಂದಕ್ಕೆ, ಎಡಕ್ಕೆ, ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಸುತ್ತಿ, ಶುರುವಾದಲ್ಲಿಗೇ ಮೇಲೆ ಬಂದು ಮುಚ್ಚಬೇಕು. ಪೆನ್ಸಿಲ್ ಎತ್ತದೆ ನೇರ ಕೆಳಗಿಳಿದು, ಕೊನೆಗೆ ಬಲಕ್ಕೆ ಸಣ್ಣ ಬಾಲ ಬಿಡಬೇಕು. ಈ ಒಂದು ಚಲನೆ ಕೈಗೆ ಬಂದರೆ c, o, d, g, q ಐದೂ ಬಂದಂತೆ. c ಅಂದರೆ ಅರ್ಧಕ್ಕೇ ನಿಂತದ್ದು, o ಅಂದರೆ ಮುಚ್ಚಿ ಬಿಟ್ಟದ್ದು, d ಅಂದರೆ ಮುಚ್ಚಿದ ಮೇಲೆ ಎತ್ತರಕ್ಕೆ ಹೋಗಿ ಇಳಿದದ್ದು, g ಮತ್ತು q ಅಂದರೆ ಗೆರೆಯ ಕೆಳಗಿಳಿದದ್ದು. ಕೊನೆಯ ಆ ಸಣ್ಣ ಬಾಲವೇ ಮುಂದೆ ಮೂರನೆಯ ತರಗತಿಯ ಹೊತ್ತಿಗೆ ಕೂಡು ಬರಹದಲ್ಲಿ ಪಕ್ಕದ ಅಕ್ಷರವನ್ನು ಹಿಡಿದುಕೊಳ್ಳುತ್ತದೆ.

ಎರಡಂತಸ್ತಿನದನ್ನು ಬರೆಯಹೊರಟರೆ ಪೆನ್ಸಿಲು ಮೇಲೆ ಎಡಗಡೆ ಶುರುವಾಗಿ, ಬಲಕ್ಕೆ ಬಾಗಿ, ಕೆಳಗಿಳಿದು, ಮತ್ತೆ ನಡುಮಧ್ಯದಿಂದ ಎಡಕ್ಕೆ ಒಂದು ಹೊಟ್ಟೆ ತೆಗೆಯಬೇಕು. ಸಣ್ಣಕ್ಷರಗಳಲ್ಲಿ ಈ ಚಲನೆ ಇನ್ನೆಲ್ಲೂ ಇಲ್ಲ. ಕಷ್ಟಪಟ್ಟು ಕಲಿತರೂ ಅದು ಇನ್ನೊಂದು ಅಕ್ಷರಕ್ಕೆ ಉಪಯೋಗವಾಗುವುದಿಲ್ಲ, ಕೂಡು ಬರಹದಲ್ಲಿ ಬಿಟ್ಟೇ ಬಿಡಬೇಕು. ಚುಕ್ಕಿ ಗೆರೆಯ ಎರಡಂತಸ್ತಿನ a ಮೇಲೆ ಮಗುವಿನಿಂದ ತಿದ್ದಿಸಿದಾಗ ಆಗುವುದೇನು? ಬಹಳ ಮಕ್ಕಳು ಕೆಳಗೊಂದು ಸೊನ್ನೆ ಸುತ್ತಿ, ಪೆನ್ಸಿಲ್ ಎತ್ತಿ, ಮೇಲೊಂದು ಕೊಡೆ ಹಿಡಿಸುತ್ತಾರೆ. ನೋಡಲು ಹತ್ತಿರ ಹತ್ತಿರ ಸರಿ, ಬರೆದ ರೀತಿ ಪೂರ್ತಿ ತಪ್ಪು. ಅದು ಅಕ್ಷರ ಬರೆದದ್ದಲ್ಲ, ಚಿತ್ರ ನೋಡಿ ಚಿತ್ರ ಬಿಡಿಸಿದ್ದು. ಅಂಗಡಿಯಲ್ಲಿ ಮಾರುವ "ಟ್ರೇಸಿಂಗ್" ಪುಸ್ತಕಗಳಲ್ಲಿ ಇಂಥ ಚುಕ್ಕಿ ಗೆರೆ ಇನ್ನೂ ಸಿಗುತ್ತದೆ. ಅವನ್ನು ಅಚ್ಚು ಹಾಕಿದವರು ಕೈಗೆ ಸಿಕ್ಕ ಫಾಂಟನ್ನು ಚುಕ್ಕಿ ಮಾಡಿದ್ದಾರೆ, ಅಷ್ಟೇ. ಸಿಟ್ಟು ಬರಬೇಕಾದ್ದು ಅವರ ಮೇಲೆ.

ಈಗ ಟೀಚರ್ ಎಡವಿದ ಕಡೆ. ಎರಡಂತಸ್ತಿನದು ಓದುವಾಗ ಗೊಂದಲ ಮಾಡುತ್ತದೆ ಎಂದು ಅವರು ಬರೆದದ್ದನ್ನು ಬೆಂಬಲಿಸುವ ಪುರಾವೆ ದುರ್ಬಲ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಸ್ಯೂ ವಾಕರ್ ಮತ್ತು ಲಿಂಡಾ ರೆನಾಲ್ಡ್ಸ್ ಇದನ್ನೇ ಪರೀಕ್ಷಿಸಿದರು. ಆರು ವರ್ಷದ ಆಸುಪಾಸಿನ ಮಕ್ಕಳಿಗೆ ಎರಡೂ ಬಗೆಯ ಅಕ್ಷರಗಳಲ್ಲಿ ಪಾಠ ಕೊಟ್ಟು ಓದಿಸಿದಾಗ ಓದಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಕ್ಕಳಿಗೆ ಎರಡು ರೂಪಗಳಿರುವುದು ಗೊತ್ತಿತ್ತು. ಒಂದು ಓದುವುದಕ್ಕೆ, ಇನ್ನೊಂದು ಬರೆಯುವುದಕ್ಕೆ ಎಂಬಂತೆ ಅವರು ಅದನ್ನು ಅರ್ಥ ಮಾಡಿಕೊಂಡಿದ್ದರು. ದೊಡ್ಡವರ ವಾಟ್ಸಾಪ್ ಗುಂಪಿಗೆ ಹೊಳೆಯದ್ದು ಆರು ವರ್ಷದವರಿಗೆ ಹೊಳೆದಿತ್ತು.

ಕಣ್ಣು ಮತ್ತು ಕೈ ಎಷ್ಟು ಬೇರೆ ಎಂಬುದಕ್ಕೆ ಇನ್ನೊಂದು ಸಾಕ್ಷಿ g ಅಕ್ಷರ. ಪುಸ್ತಕಗಳಲ್ಲಿ ಬರುವ, ಕೆಳಗೆ ಎರಡನೆಯ ಸುರುಳಿಯುಳ್ಳ g ಅಮೆರಿಕದ ದೊಡ್ಡವರು ಜೀವನವಿಡೀ ಓದಿರುತ್ತಾರೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನಾಲ್ಕು ಆಕಾರಗಳಲ್ಲಿ ಅದರ ಸರಿಯಾದ ರೂಪ ಯಾವುದೆಂದು ಕೇಳಿದಾಗ 25 ಜನರಲ್ಲಿ 7 ಜನ ಮಾತ್ರ ಸರಿಯಾಗಿ ಗುರುತಿಸಿದರು. ಬರೆಯಲು ಬಾರದ, ಸರಿಯಾಗಿ ನೆನಪೂ ಇಲ್ಲದ ಆಕಾರವನ್ನು ಜನ ತಡೆಯಿಲ್ಲದೆ ಓದುತ್ತಾರೆ.

ಹಾಗಾಗಿ ಟೀಚರ್ ಎರಡನೆಯ ಕಾರಣವನ್ನು ಹೊಡೆದುಹಾಕಬೇಕು. ಅದು ಸುಮ್ಮನೆ ತಪ್ಪು ಮಾತ್ರವಲ್ಲ, ಅಪಾಯಕಾರಿ. ಅದನ್ನು ನಂಬಿದ ಪೋಷಕರು ಎರಡಂತಸ್ತಿನ a ಇರುವ ಕಥೆಪುಸ್ತಕಗಳನ್ನು ಮಗುವಿನ ಕೈಯಿಂದ ದೂರ ಇಟ್ಟರೆ, ಮನೆಯಲ್ಲಿರುವ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಬೀರುವಿಗೆ ಸೇರುತ್ತವೆ. ಬರೆಯುವ ಪುಟದಲ್ಲಿ ಒಂದೇ ರೂಪ, ಓದುವ ಪುಟದಲ್ಲಿ ಎರಡೂ. ಅಷ್ಟು ಹೇಳಿದ್ದರೆ ಸಾಕಿತ್ತು.

ಒಂದಂತಸ್ತಿನ ರೂಪಗಳೂ ಎಲ್ಲ ಒಂದೇ ಅಲ್ಲ. 1927ರ ಫ್ಯೂಚುರಾದಲ್ಲಿ, Century Gothic ಫಾಂಟಿನಲ್ಲಿ a ಅಂದರೆ ಕೈವಾರದ ವೃತ್ತ, ಪಕ್ಕದಲ್ಲಿ ಬಾಲವಿಲ್ಲದ ನೇರ ಕಡ್ಡಿ. ಅದನ್ನು ನೋಡಿ ಬರೆಯುವ ಮಗು ಮೊದಲು ಸೊನ್ನೆ ಸುತ್ತಿ, ಕೈ ಎತ್ತಿ, ಆಮೇಲೆ ಕಡ್ಡಿ ಇಡುತ್ತದೆ. ಕಡ್ಡಿ ಸ್ವಲ್ಪ ದೂರ ಬಿದ್ದು ಉದ್ದವಾದರೆ cat ಎನ್ನುವುದು colt ಆಗುತ್ತದೆ. ಮೇಲೆ ಮುಚ್ಚದೆ ಬಿಟ್ಟರೆ ಅದೇ cat ಹೋಗಿ cut. ತಿದ್ದುವವರು ನೋಡಬೇಕಾದ್ದು ಇಂಥ ಗುರುತುಗಳನ್ನು. ರೋಸ್ಮೆರಿ ಸಸ್ಸೂನ್ 1980ರ ದಶಕದಲ್ಲಿ ಮಕ್ಕಳಿಗಾಗಿ ರೂಪಿಸಿದ ಅಕ್ಷರಗಳಲ್ಲಿ ಬಲಕ್ಕೆ ಹೊರಳುವ ಬಾಲವಿದೆ. ಅದರಿಂದ ಅಕ್ಷರ ಒಂದೇ ಎಳೆತದಲ್ಲಿ ಬಂದದ್ದು ಎಂಬುದು ಕಣ್ಣಿಗೇ ತಿಳಿಯುತ್ತದೆ.

ಪೋಷಕರ ದೂರಿನಲ್ಲಿ ಒಂದು ಅಂಶ ಮಾತ್ರ ನ್ಯಾಯವಾಗಿತ್ತು. ವರ್ಕ್‌ಬುಕ್ಕಿನ ಹದಿನಾಲ್ಕನೆಯ ಪುಟದಲ್ಲಿ, ಸ್ವತಃ ಟೀಚರ್ ಬೇಡವೆಂದ ಎರಡಂತಸ್ತಿನ a ಚುಕ್ಕಿ ಗೆರೆಯ ಸಾಲಿನ ಪಕ್ಕದಲ್ಲೇ ಕೂತಿತ್ತು. ಆದದ್ದಿಷ್ಟು: ಉಳಿದ ಪುಟಗಳು ಪಿಡಿಎಫ್ ಆಗಿ ಹೋಗಿದ್ದವು, ಆ ಒಂದು ಪುಟ ತಡವಾಗಿ ತಯಾರಾಗಿ ವರ್ಡ್ ಫೈಲಾಗಿ ಜೆರಾಕ್ಸ್ ಅಂಗಡಿಗೆ ಹೋಯಿತು. ಅಂಗಡಿಯ ಕಂಪ್ಯೂಟರಿನಲ್ಲಿ ಟೀಚರ್ ಬಳಸಿದ ಫಾಂಟು ಇರಲಿಲ್ಲ. ಅಂಥ ಹೊತ್ತಿನಲ್ಲಿ ವರ್ಡ್ ದೂರುವುದಿಲ್ಲ, ತನ್ನಲ್ಲಿರುವ ಇನ್ನೊಂದು ಫಾಂಟನ್ನು ಸದ್ದಿಲ್ಲದೆ ತೊಡಿಸುತ್ತದೆ. Calibri ತೊಡಿಸಿದರೆ ಎಲ್ಲ a ಗಳಿಗೂ ಮಹಡಿ ಎದ್ದುಬಿಡುತ್ತದೆ. ಫೈಲಿನಲ್ಲಿ ಉಳಿಯುವುದು "ಇದು a" ಎಂಬ ಸಂಕೇತ ಮಾತ್ರ, ಆಕಾರ ಫಾಂಟಿನ ಸ್ವತ್ತು. ಪಿಡಿಎಫ್ ಮಾಡಿದರೆ ಸಾಮಾನ್ಯವಾಗಿ ಫಾಂಟು ಒಳಗೇ ಕೂತು ಜೊತೆಗೆ ಹೋಗುತ್ತದೆ.

ಗುಂಪಿನಲ್ಲಿದ್ದ ಸಾಫ್ಟ್‌ವೇರ್ ತಂದೆಯೊಬ್ಬರು ಇದಕ್ಕೊಂದು ಉಪಾಯ ಸೂಚಿಸಿದರು: ಗುಂಡಗಿನ ɑ ಎಲ್ಲ ಫಾಂಟಿನಲ್ಲೂ ಸಿಗುತ್ತದೆ, ಅದನ್ನೇ ಅಂಟಿಸಿ. ಬೇಡವೇ ಬೇಡ. ಅದು ಉಚ್ಚಾರಣೆ ತೋರಿಸಲು ಧ್ವನಿಶಾಸ್ತ್ರದವರು ಬಳಸುವ ಬೇರೆಯೇ ಅಕ್ಷರ. a ಗೆ U+0061 ಎಂಬ ಸಂಖ್ಯೆಯಾದರೆ ಇದಕ್ಕೆ U+0251. ಅದನ್ನು ಹಾಕಿ ಬರೆದ cɑt ಕಣ್ಣಿಗೆ ಸರಿ, ಆದರೆ cat ಎಂದು ಹುಡುಕಿದರೆ ಸಿಗದು, ಕಾಗುಣಿತ ತಪಾಸಣೆ ಕೆಂಪು ಗೆರೆ ಎಳೆಯುತ್ತದೆ, ಕಣ್ಣು ಕಾಣದ ಮಗುವಿಗೆ ಓದಿ ಹೇಳುವ ಸಾಫ್ಟ್‌ವೇರ್ ಅಲ್ಲಿ ತೊದಲಬಹುದು. ಮೇಲೆ, ಈ ಬರಹದ ಮೊದಲ ಸಾಲುಗಳಲ್ಲಿ ಅದನ್ನು ಬಳಸಿದ್ದು ಆಕಾರ ತೋರಿಸಲಿಕ್ಕೆ ಮಾತ್ರ.

ಟೀಚರ್ ಹದಿನಾಲ್ಕನೆಯ ಪುಟವನ್ನು ಹೊಸದಾಗಿ ಅಚ್ಚು ಹಾಕಿಸಿ ಹಂಚಿದರು. ಚೀಟಿಯನ್ನು ಮಾತ್ರ ಇನ್ನೂ ತಿದ್ದಿಲ್ಲ. ಮೊದಲು ದೂರಿದ ತಾಯಿ ಮನೆಯಲ್ಲಿ ಮಗಳಿಗೆ ಈಗ ಎರಡೂ ರೂಪ ಬರೆಸುತ್ತಿದ್ದಾರಂತೆ, ದಿನಕ್ಕೆ ತಲಾ ಒಂದು ಪುಟ.