ಆಲ್ಸ್ ಎಲ್ಲಿ, ವೆನ್ ಎಲ್ಲಿ, ಒಪ್ ಎಲ್ಲಿ
ಜರ್ಮನ್ ಕಲಿಯುವ ಕನ್ನಡಿಗರು ‘ಬಂದಾಗ’ ಎಂಬಲ್ಲೆಲ್ಲ ‘ವೆನ್’ ಹಾಕಿಬಿಡುತ್ತಾರೆ. ಎಡವುವುದು ಹೆಚ್ಚಾಗಿ ಭೂತಕಾಲದಲ್ಲಿ. ‘ಆಲ್ಸ್ ಇಶ್ ಇನ್ ಬರ್ಲೀನ್ ಆನ್‌ಕಾಮ್, ರೇಗ್ನೆಟೆ ಎಸ್’ ಎಂದರೆ ನಾನು ಬರ್ಲಿನ್ ತಲುಪಿದಾಗ ಮಳೆ ಬರುತ್ತಿತ್ತು, ಆ ಒಂದು ಸಲ. ಅಲ್ಲಿ ಆಲ್ಸ್ ತೆಗೆದು ವೆನ್ ಇಟ್ಟರೆ, ಹೋದಾಗಲೆಲ್ಲ ಮಳೆ ಎಂದಾಗುತ್ತದೆ. ವಾಕ್ಯ ವ್ಯಾಕರಣಬದ್ಧವಾಗಿಯೇ ಇರುವುದರಿಂದ ಕೇಳಿದವರು ತಿದ್ದುವುದೂ ಇಲ್ಲ. ಹಾಗಾಗಿ ‘ಆಗಲೆಲ್ಲ’ ಎಂದು ಹೇಳಿ ನೋಡಿ: ಅರ್ಥ ಕೂಡಿದರೆ ವೆನ್, ಇಲ್ಲದಿದ್ದರೆ ಆಲ್ಸ್. ಬಾಲ್ಯ ಎಷ್ಟೋ ವರ್ಷದ್ದಾದರೂ ಒಂದೇ ಅವಧಿ, ಆದ್ದರಿಂದ ‘ಆಲ್ಸ್ ಇಶ್ ಕಿಂಟ್ ವಾರ್’. ವರ್ತಮಾನ, ಭವಿಷ್ಯಗಳ ಮಾತಿಗೆ ಸಾಮಾನ್ಯವಾಗಿ ವೆನ್ ಸಾಕು. ಆದರೆ ಅದು ‘ಬಂದಾಗ’, ‘ಬಂದರೆ’ ಎರಡನ್ನೂ ಹೊರುತ್ತದೆ. ನಾವು ಪ್ರತ್ಯಯದಲ್ಲೇ ಬೇರ್ಪಡಿಸುವುದನ್ನು ಜರ್ಮನರು ಸಂದರ್ಭಕ್ಕೆ ಬಿಡುತ್ತಾರೆ. ‘ಒಂದು ವೇಳೆ’ ಎಂಬುದನ್ನೇ ಸ್ಪಷ್ಟಪಡಿಸಬೇಕಾದಾಗ ‘ಫಾಲ್ಸ್’ ಬಳಸುತ್ತಾರೆ. ಇನ್ನು ಒಪ್. ಇಂಗ್ಲಿಷಿನ ‘ಇಫ್’ ಮೂಲಕ ಯೋಚಿಸುವವರಿಗೆ ಇದು ಗೊಂದಲ, ಕನ್ನಡದಿಂದಲೇ ಹೊರಟರೆ ಸಲೀಸು: ‘ಬರುತ್ತಾನೋ ಇಲ್ಲವೋ’ ಎಂಬ ಅರ್ಥವಿದ್ದಲ್ಲಿ ಒಪ್. ‘ಝಾಕ್ ಮಿರ್, ಒಪ್ ಎರ್ ಕೊಮ್ಟ್’ ಎಂದವರಿಗೆ ಅವನು ಬರುತ್ತಾನೋ ಇಲ್ಲವೋ ಎಂಬ ಉತ್ತರ ಈಗಲೇ ಬೇಕು. ಅದೇ ಮಾತಿನಲ್ಲಿ ವೆನ್ ಬಂದರೆ, ಅವನು ಬಂದಾಗ ತಿಳಿಸು ಎಂದಂತೆ. ಗೆಳೆಯ ಸುಮ್ಮನೆ ತಲೆಯಾಡಿಸಿ, ಅವನು ಬರುವವರೆಗೂ ಏನೂ ಹೇಳದೆ ಇರುತ್ತಾನೆ.