ತಂದೆಯಿಂದ ಬಂದ ಫ್ಲಾಟು, ಅನಿವಾಸಿ ಮಾರಾಟಗಾರ, ಟಿಡಿಎಸ್

ಅನಿವಾಸಿಯೊಬ್ಬರು ಭಾರತದಲ್ಲಿರುವ ಫ್ಲಾಟನ್ನು ಮಾರಿದಾಗ ಕೊಳ್ಳುವವರು ತೆರಿಗೆ ಹಿಡಿದುಕೊಂಡೇ ಹಣ ಕೊಡಬೇಕು. 2026ರ ಮಾರ್ಚ್ ಕೊನೆಯವರೆಗಿನ ವ್ಯವಹಾರಗಳಿಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದಕ್ಕಿರುವುದು 195ನೇ ಸೆಕ್ಷನ್. ಇಲ್ಲಿನ ನಿವಾಸಿ ಮಾರಿದರೆ 50 ಲಕ್ಷದಿಂದ ಮೇಲ್ಪಟ್ಟ ವ್ಯವಹಾರಕ್ಕೆ ಶೇ. 1 ಹಿಡಿದರೆ ಸಾಕು. ಅನಿವಾಸಿಗೆ ಆ ದರವೂ ಇಲ್ಲ, ಆ ಮಿತಿಯೂ ಇಲ್ಲ.

ಒಂದು ಲೆಕ್ಕ ನೋಡಬಹುದು. ಬೆಂಗಳೂರಿನ ಫ್ಲಾಟನ್ನು ತಂದೆ 2016ರಲ್ಲಿ ನೋಂದಣಿ ಖರ್ಚೂ ಸೇರಿ 60 ಲಕ್ಷಕ್ಕೆ ಕೊಂಡಿದ್ದರು. ಅವರ ನಂತರ ಅದು ದುಬೈನಲ್ಲಿರುವ ಒಬ್ಬಳೇ ಮಗಳಿಗೆ ಬಂತು. ಆಕೆ 2025ರ ನವೆಂಬರಿನಲ್ಲಿ 90 ಲಕ್ಷಕ್ಕೆ ಮಾರಿದಳು. ಆಸ್ತಿ ಪುಕ್ಕಟೆ ಬಂದಿದ್ದರೂ ಕಾನೂನು ತಂದೆ ಕೊಟ್ಟ ಬೆಲೆಯನ್ನೇ ಮಗಳ ಬೆಲೆಯೆಂದು ಎಣಿಸುತ್ತದೆ. ತಂದೆ ಇಟ್ಟುಕೊಂಡಿದ್ದ ವರ್ಷಗಳೂ ಆಕೆಯ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಲಾಭ 30 ಲಕ್ಷ. ಭಾರತದಲ್ಲಿ ಬೇರೆ ಆದಾಯವಿಲ್ಲದಿದ್ದರೆ ಶೇ. 12.5 ತೆರಿಗೆ, ಅದರ ಮೇಲೆ ಶೇ. 4 ಸೆಸ್ ಸೇರಿ ಕಟ್ಟಬೇಕಾದ್ದು 3.90 ಲಕ್ಷ.

ಆದರೆ ಕೊಳ್ಳುವವರಿಗೆ ಲಾಭ ಎಷ್ಟೆಂದು ತಾವೇ ತೀರ್ಮಾನಿಸುವ ಧೈರ್ಯ ಇರುವುದಿಲ್ಲ. ಕಡಿಮೆ ಹಿಡಿದರೆ ಬಾಕಿ ತೆರಿಗೆಯೂ ಬಡ್ಡಿಯೂ ಅವರ ತಲೆಗೇ ಬರುತ್ತವೆ. ಅದಕ್ಕಾಗಿ ಪೂರ್ತಿ 90 ಲಕ್ಷದ ಮೇಲೆ, 50 ಲಕ್ಷ ದಾಟಿದ್ದಕ್ಕೆ ಶೇ. 10 ಸರ್ಚಾರ್ಜನ್ನೂ ಸೇರಿಸಿ, ಒಟ್ಟು ಶೇ. 14.3ರಂತೆ 12.87 ಲಕ್ಷ ಹಿಡಿಯುತ್ತಾರೆ. ಮಗಳ ಸುಮಾರು ಒಂಬತ್ತು ಲಕ್ಷ ಹೀಗೆ ಸಿಕ್ಕಿಕೊಳ್ಳುತ್ತದೆ.

ಇದನ್ನು ತಪ್ಪಿಸುವ ದಾರಿ ಅದೇ ಕಾಯ್ದೆಯ 197ನೇ ಸೆಕ್ಷನ್ನಿನ ಕಡಿಮೆ ಕಡಿತದ ಪ್ರಮಾಣಪತ್ರ. ಮಾರುವವರು ಟ್ರೇಸಸ್ ಜಾಲತಾಣದಲ್ಲಿ ಫಾರ್ಮ್ 13 ಸಲ್ಲಿಸಬೇಕು. ತಂದೆಯ ಕ್ರಯಪತ್ರ, ಮರಣ ಪ್ರಮಾಣಪತ್ರ, ಉಯಿಲು ಅಥವಾ ವಾರಸುದಾರಿಕೆಯ ದಾಖಲೆ, ಮಾರಾಟದ ಕರಾರು, ಕೊಳ್ಳುವವರ ಟ್ಯಾನ್ ಇವೆಲ್ಲ ಬೇಕಾಗುತ್ತವೆ. ಎಷ್ಟೋ ಅರ್ಜಿಗಳು ನಿಲ್ಲುವುದು ಹಳೆಯ ಕ್ರಯಪತ್ರ ಸಿಗದೆ. ಅದಿಲ್ಲದೆ 60 ಲಕ್ಷ ಕೊಟ್ಟದ್ದನ್ನು ತೋರಿಸುವುದು ಕಷ್ಟ. ಅಧಿಕಾರಿ ಒಪ್ಪಿದರೆ ಈ ಪ್ರಕರಣದಲ್ಲಿ ದರ ಸುಮಾರು ಶೇ. 4.33ಕ್ಕೆ ಇಳಿಯುತ್ತದೆ. ಪ್ರಮಾಣಪತ್ರ ಅದರ ತಾರೀಖಿನಿಂದ ಮುಂದಿನ ಪಾವತಿಗಳಿಗೆ ಮಾತ್ರ ಅನ್ವಯ. ಮೊದಲೇ ಮುಂಗಡ ಪಡೆದು ಟಿಡಿಎಸ್ ಹಿಡಿಸಿಕೊಂಡಿದ್ದರೆ ಆ ಭಾಗಕ್ಕೆ ಉಪಯೋಗವಿಲ್ಲ. ಪ್ರಮಾಣಪತ್ರ ಕೈಗೆ ಬರಲು ವಾರಗಳು ಹಿಡಿಯುವುದರಿಂದ ಕರಾರಿನಲ್ಲೇ ಆ ಸಮಯಕ್ಕೆ ಅವಕಾಶವಿಡುವುದು ಒಳ್ಳೆಯದು. ತಂದೆ ಬಹಳ ಹಿಂದೆ ಅಗ್ಗಕ್ಕೆ ಕೊಂಡ ಫ್ಲಾಟಾದರೆ ಬೆಲೆಯ ಹೆಚ್ಚಿನ ಪಾಲು ಲಾಭವೇ ಆಗಿರುತ್ತದೆ. ಅಲ್ಲಿ ಈ ಓಡಾಟದಿಂದ ಉಳಿಯುವುದು ಕಡಿಮೆ.

ಪ್ರಮಾಣಪತ್ರಕ್ಕೆ ಸಮಯವಿಲ್ಲದಿದ್ದರೆ ಉಳಿಯುವುದು ಮರುಪಾವತಿ. 2025-26ರ ವ್ಯವಹಾರಕ್ಕೆ 2026ರ ಏಪ್ರಿಲ್ ನಂತರ ಐಟಿಆರ್-2 ಸಲ್ಲಿಸಿ ಹೆಚ್ಚುವರಿ ಮೊತ್ತ ಕೇಳಬೇಕು. ಕೊಳ್ಳುವವರು ಹಣ ಕಟ್ಟಿ ಸುಮ್ಮನಾದರೆ ಸಾಲದು, ತ್ರೈಮಾಸಿಕ ಫಾರ್ಮ್ 27ಕ್ಯೂ ಕೂಡ ಸಲ್ಲಿಸಬೇಕು. ಸಲ್ಲಿಸಿದ್ದಾರೆಯೇ ಎಂಬುದು ಮಾರಿದವರ ಫಾರ್ಮ್ 26ಎಎಸ್‌ನಲ್ಲಿ ಗೊತ್ತಾಗುತ್ತದೆ. ಅಲ್ಲಿ ಮೊತ್ತ ಕಾಣದಿದ್ದರೆ, ಅಥವಾ ನಿವಾಸಿಗಳಿಗಿರುವ 26ಕ್ಯೂಬಿಯಲ್ಲಿ ಶೇ. 1 ಮಾತ್ರ ಕಟ್ಟಿದ್ದು ಕಂಡರೆ, ರಿಟರ್ನಿಗೆ ಮೊದಲೇ ಕೊಳ್ಳುವವರಿಂದ ಸರಿಪಡಿಸಿಕೊಳ್ಳಬೇಕು.